ರಾಜೀನಾಮೆಗೆ ಮುಂಚಿನ ಒಂದು ವರ್ಷ: ಬೋಧನೆಯನ್ನು ಪರೀಕ್ಷಿಸಿದ ದಾಖಲೆ

ನಾನು ವಿದ್ಯುತ್ ಸರಬರಾಜು ಉಪಕರಣಗಳನ್ನು ಪರೀಕ್ಷಿಸುವ ವಿಭಾಗದಲ್ಲಿ ಇಂಜಿನಿಯರ್, ವಯಸ್ಸು 34. ಕೆಲಸ ಬಿಟ್ಟು ಶಾಲೆಯಲ್ಲಿ ವಿಜ್ಞಾನ ಕಲಿಸಬೇಕೆಂಬ ಯೋಚನೆ ಬಂದು ಬಹಳ ಕಾಲವಾಗಿತ್ತು. ಅದನ್ನು ಹೇಳಿಕೊಂಡಾಗಲೆಲ್ಲ ಸಿಗುತ್ತಿದ್ದ ಸಲಹೆ ಒಂದೇ: ನಾಲ್ಕಾರು ವಾರಾಂತ್ಯ ಮಕ್ಕಳಿಗೆ ಪಾಠ ಹೇಳಿ ನೋಡು, ಇಷ್ಟವಾದರೆ ಮುಂದೆ ಯೋಚಿಸು.

ಈ ಸಲಹೆಯಲ್ಲಿ ಒಂದು ಲೋಪವಿದೆ. ವಾರಾಂತ್ಯದ ತರಗತಿಗೆ ಬರುವವರು ಆಸಕ್ತಿಯಿಂದ ಬರುವ ಮಕ್ಕಳು. ವಿಷಯ ನನ್ನ ಆಯ್ಕೆಯದು. ತಿದ್ದಬೇಕಾದ ನೋಟ್‌ಬುಕ್‌ಗಳಿಲ್ಲ, ಇಂತಿಷ್ಟು ದಿನದಲ್ಲಿ ಮುಗಿಸಲೇಬೇಕಾದ ಪಾಠಗಳಿಲ್ಲ, ಸೋಮವಾರ ಅರ್ಥವಾಗದ ಮಕ್ಕಳು ಮಂಗಳವಾರ ಮತ್ತೆ ಎದುರಿಗೆ ಕೂರುವುದಿಲ್ಲ. ನಮ್ಮ ವಿಭಾಗದಲ್ಲಿ ಯಾವ ಉಪಕರಣವನ್ನೂ ತಣ್ಣನೆಯ ಕೋಣೆಯಲ್ಲಿ ಅರ್ಧ ಭಾರ ಹೊರಿಸಿ ಒಂದು ಗಂಟೆ ಓಡಿಸಿ ಪಾಸು ಮಾಡುವುದಿಲ್ಲ. ಹಾಗಾಗಿ ನನ್ನ ಮುಂದಿದ್ದ ಮೊದಲ ಪ್ರಶ್ನೆ, ಬೋಧನೆಯಲ್ಲಿ ಪೂರ್ಣ ಭಾರ ಎಂದರೆ ಯಾವುದು ಮತ್ತು ಕೈಯಲ್ಲಿರುವ ಕೆಲಸವನ್ನು ಬಿಡದೆ ಅದನ್ನು ಹೊತ್ತು ನೋಡುವುದು ಹೇಗೆ ಎಂಬುದಾಗಿತ್ತು.

ಮಾನದಂಡಗಳು

ಫಲಿತಾಂಶ ಕಂಡ ಮೇಲೆ ಮಾನದಂಡ ಬರೆದರೆ ಅದು ನಮ್ಮ ಮನಸ್ಸಿಗೆ ಬೇಕಾದ ಕಡೆಗೆ ಬಾಗುತ್ತದೆ ಎಂಬುದು ಪರೀಕ್ಷಾ ವಿಭಾಗದ ಹಳೆಯ ಪಾಠ. ಆದ್ದರಿಂದ ಮಕ್ಕಳ ಎದುರು ನಿಲ್ಲುವ ಮೊದಲೇ ನಾಲ್ಕು ವಿಷಯಗಳನ್ನು ಬರೆದಿಟ್ಟೆ. ಕಲಿಸಿದ್ದು ಮೂರು ವಾರಗಳ ನಂತರವೂ ಹೆಚ್ಚಿನ ಮಕ್ಕಳಲ್ಲಿ ಉಳಿದಿರಬೇಕು. ಪೂರ್ಣಾವಧಿ ಶಿಕ್ಷಕರು ಹೊರುವಷ್ಟೇ ತರಗತಿ ಮತ್ತು ತಿದ್ದುವ ಕೆಲಸವನ್ನು ನಾನು ಒಂದು ಶೈಕ್ಷಣಿಕ ಅವಧಿಯಾದರೂ ಹೊರಲು ಸಾಧ್ಯವಾಗಬೇಕು. ಪಾಠ ಕೆಟ್ಟುಹೋದ ದಿನ ಸಂಜೆ, ಯಾರೂ ಹೇಳದಿದ್ದರೂ ಆ ಪಾಠವನ್ನು ಮತ್ತೆ ತೆರೆದು ಸರಿಪಡಿಸುವ ಮನಸ್ಸು ಉಳಿದಿರಬೇಕು. ಕೊನೆಯದಾಗಿ, ಹೊಸ ಶಿಕ್ಷಕರಿಗೆ ಸಿಗುವ ಸಂಬಳದಲ್ಲಿ ಮನೆ ನಡೆಯಬೇಕು. ‘ನನಗೆ ಇಷ್ಟವಾಗಬೇಕು’ ಎಂಬುದನ್ನು ಬೇಕೆಂದೇ ಬರೆಯಲಿಲ್ಲ. ಒಳ್ಳೆಯ ತರಗತಿ ಯಾರಿಗಾದರೂ ಇಷ್ಟವಾಗುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ.

ಇದರ ಜೊತೆಗೆ ಉದ್ಯೋಗದ ಒಪ್ಪಂದವನ್ನು ಪೂರ್ತಿ ಓದಿದೆ. ಹೊರಗಿನ ಕೆಲಸಕ್ಕೆ ಲಿಖಿತ ಅನುಮತಿ ಬೇಕೆಂಬ ಷರತ್ತು ಬಹುತೇಕ ಒಪ್ಪಂದಗಳಲ್ಲಿ ಇರುತ್ತದೆ, ನನ್ನದರಲ್ಲೂ ಇತ್ತು. ಸಂಭಾವನೆ ಪಡೆಯದೆ ಶನಿವಾರ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ ಎಂದು ಬರೆದುಕೊಟ್ಟು ಒಪ್ಪಿಗೆ ಪಡೆದೆ. ಬಾಯಿಮಾತಿನ ಒಪ್ಪಿಗೆಯನ್ನು ನಂಬುವವರು ಮೇಲಧಿಕಾರಿ ಬದಲಾದ ದಿನ ಕಷ್ಟಪಡುತ್ತಾರೆ.

ಮೊದಲ ತಿಂಗಳುಗಳು: ಸಣ್ಣ ಗುಂಪು

ಆರಂಭ ಎಂಟು ಮಕ್ಕಳ ಗುಂಪಿನೊಂದಿಗೆ. ಈ ಹಂತದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಒಂದು ಅಳತೆಯನ್ನು ಬಿಟ್ಟು. ಶಾಲೆಯ ಅನುಮತಿ ಪಡೆದು, ಫೋನನ್ನು ನನ್ನ ಮೇಜಿನ ಮೇಲಿಟ್ಟು ನನ್ನದೇ ಪಾಠವನ್ನು ಧ್ವನಿಮುದ್ರಿಸಿಕೊಂಡು, ಪ್ರಶ್ನೆ ಕೇಳಿದ ನಂತರ ನಾನೇ ಮತ್ತೆ ಮಾತನಾಡುವವರೆಗೆ ಎಷ್ಟು ಸಮಯ ಬಿಡುತ್ತೇನೆಂದು ಅಳೆದೆ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಇದೇ ವಿಷಯವನ್ನು ತರಗತಿಗಳಲ್ಲಿ ಅಳೆದು, ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ ಮತ್ತು ಸುಮ್ಮನಿರುವ ಮಕ್ಕಳೂ ಮಾತನಾಡತೊಡಗುತ್ತಾರೆ ಎಂದು ತೋರಿಸಿದ್ದರು. ನನ್ನ ಅಳತೆಯೂ ಒಂದು ಸೆಕೆಂಡಿನ ಆಸುಪಾಸಿನಲ್ಲೇ ಇತ್ತು. ಮೂರು ಸೆಕೆಂಡು ಕೇಳಲು ಸಣ್ಣದು. ತರಗತಿಯ ಮೌನದಲ್ಲಿ ನಿಂತವರಿಗೆ ಮಾತ್ರ ಅದರ ಉದ್ದ ಗೊತ್ತು. ಮನಸ್ಸಿನಲ್ಲಿ ಎಣಿಸುವುದರಿಂದ ಅಭ್ಯಾಸವಾಗಲಿಲ್ಲ. ಪ್ರಶ್ನೆ ಕೇಳಿದ ಕೂಡಲೇ ಬೋರ್ಡಿನ ಮೇಲೆ ಅದನ್ನು ಬರೆಯತೊಡಗಿದ ಮೇಲೆ ಆಯಿತು. ಬರೆಯುವಷ್ಟು ಹೊತ್ತು ಬಾಯಿ ತಾನಾಗಿ ಮುಚ್ಚಿರುತ್ತದೆ.

ಪೂರ್ಣ ತರಗತಿ, ಒಂದೇ ಪಾಠ

ಮುಂದಿನ ಹಂತದಲ್ಲಿ ಸುಮಾರು 40 ಮಕ್ಕಳ ನಿಜವಾದ ತರಗತಿ ಸಿಕ್ಕಿತು. ಹತ್ತು ಪಾಠ ಮಾಡಿ ಹತ್ತರಲ್ಲೂ ಅಂದಾಜಿನ ಮೇಲೆ ನಿಲ್ಲುವ ಬದಲು, ನನಗೆ ಚೆನ್ನಾಗಿ ಗೊತ್ತಿರುವ ಒಂದೇ ವಿಷಯವನ್ನು ಬೇರೆ ಬೇರೆ ವಿಭಾಗಗಳಲ್ಲಿ ಮತ್ತೆ ಮತ್ತೆ ಕಲಿಸಿ ಸರಿಪಡಿಸುವುದೆಂದು ನಿರ್ಧರಿಸಿದೆ. ಆ ವಿಷಯ: ಸರಳ ವಿದ್ಯುತ್ ಮಂಡಲದಲ್ಲಿ ಬಲ್ಬಿನ ಮುಂಚೆ ಮತ್ತು ಬಲ್ಬಿನ ನಂತರ ಪ್ರವಾಹ ಒಂದೇ ಆಗಿರುತ್ತದೆ.

ಇದನ್ನು ಆರಿಸಿದ್ದಕ್ಕೆ ಕಾರಣವಿದೆ. ಬಲ್ಬು ಪ್ರವಾಹವನ್ನು ಬಳಸಿ ಮುಗಿಸುತ್ತದೆ, ಹಾಗಾಗಿ ಬಲ್ಬಿನಿಂದ ಹೊರಬರುವಾಗ ಅದು ಕಡಿಮೆಯಾಗಿರುತ್ತದೆ ಎಂದು ಮಕ್ಕಳು ನಂಬುವುದು ಅನೇಕ ದೇಶಗಳ ತರಗತಿಗಳಲ್ಲಿ ದಾಖಲಾಗಿರುವ ಸಂಗತಿ. ಪುಸ್ತಕದ ವಾಕ್ಯವನ್ನು ಬಾಯಿಪಾಠ ಮಾಡಿದ ಮೇಲೂ ಈ ನಂಬಿಕೆ ಹೋಗುವುದಿಲ್ಲ. ಅಂದರೆ ಕಲಿಸಿದ್ದು ತಲುಪಿತೋ ಇಲ್ಲವೋ ಎಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ತಲುಪಿದಂತೆ ನಟಿಸಲು ಅವಕಾಶ ಕಡಿಮೆ.

ಉಪಕರಣ ಸರಳ: 1.5 ವೋಲ್ಟಿನ ಎರಡು ಸೆಲ್, 2.5 ವೋಲ್ಟ್ 0.3 ಆಂಪಿಯರಿನ ಟಾರ್ಚ್ ಬಲ್ಬುಗಳು, ಹೋಲ್ಡರ್, ವೈರು, 0ಯಿಂದ 500 ಮಿಲಿಆಂಪಿಯರ್ ತೋರಿಸುವ ಎರಡು ಮುಳ್ಳಿನ ಆಮೀಟರುಗಳು. ಬಲ್ಬಿನ ಈ ಕಡೆ ಒಂದು ಮೀಟರು, ಆ ಕಡೆ ಒಂದು. ಮೊದಲು ಮಕ್ಕಳು ತಮ್ಮ ಊಹೆಯನ್ನು ಚೀಟಿಯಲ್ಲಿ ಬರೆಯಬೇಕು, ಆಮೇಲೆ ಸ್ವಿಚ್ಚು ಹಾಕುವುದು. ಸುಮಾರು ಮುಕ್ಕಾಲು ಭಾಗ ಮಕ್ಕಳು ಎರಡನೆಯ ಮೀಟರು ಕಡಿಮೆ ತೋರಿಸುತ್ತದೆ ಎಂದು ಬರೆದಿದ್ದರು. ಸ್ವಿಚ್ಚು ಹಾಕಿದಾಗ ಮೊದಲನೆಯದು 310, ಎರಡನೆಯದು 290 ತೋರಿಸಿತು.

“ನೋಡಿ ಮಿಸ್, ಬಲ್ಬು ಸ್ವಲ್ಪ ತಿಂದುಬಿಟ್ಟಿದೆ” ಎಂದ ಮುಂದಿನ ಬೆಂಚಿನ ಹುಡುಗ. ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಮೀಟರು ಹಾಗೆಯೇ ತೋರಿಸುತ್ತಿತ್ತು.

ಶಾಲೆಗಳಲ್ಲಿ ಸಿಗುವ ಇಂಥ ಮೀಟರಿನ ನಿಖರತೆ ಶೇ 2.5 ಎಂದಿದ್ದರೆ, ಅದು ಪೂರ್ಣ ಅಳತೆಯ ಶೇ 2.5. ಅಂದರೆ 500ರ ಮೀಟರು ಎಲ್ಲಿಯಾದರೂ 12.5 ಮಿಲಿಆಂಪಿಯರ್ ಹೆಚ್ಚು ಅಥವಾ ಕಡಿಮೆ ತೋರಿಸಬಹುದು. ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ತಪ್ಪಿದರೆ ಎರಡೂ ತಮ್ಮ ಮಿತಿಯೊಳಗಿದ್ದುಕೊಂಡೇ 20ರಷ್ಟು ವ್ಯತ್ಯಾಸ ಬರಬಹುದು. ಇಂಜಿನಿಯರಿಗೆ ಇದು ಮಾತನಾಡುವಷ್ಟು ದೊಡ್ಡ ವಿಷಯವೇ ಅಲ್ಲ. ಆದರೆ ಮಕ್ಕಳು ಮೊದಲೇ ನಂಬಿದ್ದ ದಿಕ್ಕಿನಲ್ಲೇ ವ್ಯತ್ಯಾಸ ಬಂದರೆ, ಅದು ಉಪಕರಣದ ದೋಷ ಎಂದು ಎಷ್ಟು ಹೇಳಿದರೂ ಟೀಚರು ಸಬೂಬು ಹೇಳುತ್ತಿದ್ದಾರೆ ಎಂದೇ ಅವರಿಗೆ ಕಾಣುತ್ತದೆ.

ಇದಕ್ಕೆ ಪರಿಹಾರ ನನ್ನ ದಿನನಿತ್ಯದ ಕೆಲಸದಿಂದಲೇ ಬಂತು. ಎರಡು ಮೀಟರುಗಳ ಜಾಗವನ್ನು ಅದಲುಬದಲು ಮಾಡಿದೆ. ಬಲ್ಬಿನ ನಂತರ ಕುಳಿತ ಮೀಟರು ಈಗ 310 ತೋರಿಸಿತು, ಮುಂಚೆ ಕುಳಿತದ್ದು 290. ವ್ಯತ್ಯಾಸ ಜಾಗದ ಜೊತೆ ನಿಲ್ಲದೆ ಮೀಟರಿನ ಜೊತೆ ಓಡಾಡುತ್ತಿದೆ ಎಂಬುದನ್ನು ಮಕ್ಕಳೇ ಹೇಳಿದರು. ಅದೇ ಹುಡುಗ ಒಂದೇ ಮೀಟರನ್ನು ಎರಡೂ ಕಡೆ ಇಟ್ಟು ನೋಡೋಣ ಎಂದ. ನಾನು ಮುಂದಿನ ಹೆಜ್ಜೆಯಾಗಿ ಹೇಳಬೇಕೆಂದಿದ್ದು ಅದನ್ನೇ. ಅಂದಿನಿಂದ ತರಗತಿಗೆ ಮುನ್ನ ಮೀಟರಿನ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡಿ ತಿರುಪಿನಿಂದ ಸರಿಪಡಿಸುತ್ತೇನೆ. ಆದರೆ ಉಳಿದ ವ್ಯತ್ಯಾಸವನ್ನು ಮುಚ್ಚಿಡುವುದಿಲ್ಲ. ಒಂದೇ ಅಳತೆ ತೋರಿಸುವ ಮೀಟರುಗಳನ್ನು ಹುಡುಕಿ ತಂದರೆ ಪಾಠ ಸಲೀಸಾಗಿ ಮುಗಿಯುತ್ತದೆ, ಮಕ್ಕಳಿಗೆ ಅದಲುಬದಲು ಮಾಡಿ ನೋಡುವ ಅವಕಾಶ ತಪ್ಪುತ್ತದೆ.

ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸುವಾಗಲೂ ಇದೇ ತೊಂದರೆ. ಒಂದೇ ಪೆಟ್ಟಿಗೆಯ ಬಲ್ಬುಗಳೂ ಸಮನಾಗಿ ಬೆಳಗುವುದಿಲ್ಲ, ಹೆಚ್ಚು ಬೆಳಗುವುದು ಆಕಸ್ಮಿಕವಾಗಿ ಮೊದಲಿಗಿದ್ದರೆ ಅದೇ ಹೆಚ್ಚು ಪ್ರವಾಹ ಪಡೆಯಿತು ಎಂಬ ತೀರ್ಮಾನ ಸಿದ್ಧವಾಗಿರುತ್ತದೆ. ಇಲ್ಲಿ ಬಲ್ಬುಗಳನ್ನು ಮೊದಲೇ ಜೋಡಿ ಜೋಡಿಯಾಗಿ ಉರಿಸಿ ಸಮನಾದವನ್ನು ಬೇರ್ಪಡಿಸಿಟ್ಟುಕೊಳ್ಳುವುದೇ ಮೇಲು. ಒಂದೇ ಪಾಠದಲ್ಲಿ ಎರಡು ಸಲ ಅದಲುಬದಲು ಮಾಡಿದರೆ ಮೂಲ ವಿಷಯ ಮರೆತುಹೋಗುತ್ತದೆ.

ಇನ್ನೊಂದು ತೊಡಕು ಮೇಲಿನ ತರಗತಿಯವರಿಗೆ. ರೋಧ ಇಮ್ಮಡಿಯಾದರೆ ಪ್ರವಾಹ ಅರ್ಧವಾಗುತ್ತದೆ ಎಂದು ಕಲಿತವರು ಎರಡು ಬಲ್ಬಿಗೆ 155 ನಿರೀಕ್ಷಿಸುತ್ತಾರೆ, ಮೀಟರು ಮಾತ್ರ 210ರ ಆಸುಪಾಸು ತೋರಿಸುತ್ತದೆ. ಬಲ್ಬಿನೊಳಗಿನ ತಂತಿ ಕಡಿಮೆ ಬಿಸಿಯಾಗಿರುವುದರಿಂದ ಪ್ರತಿ ಬಲ್ಬಿನ ರೋಧವೂ ಇಳಿದಿರುತ್ತದೆ, ಅದಕ್ಕೆ ಈ ಹೆಚ್ಚಳ. ಲೆಕ್ಕ ಕಲಿಸುವುದೇ ಉದ್ದೇಶವಾದ ದಿನ ಬಲ್ಬಿನ ಬದಲು 10 ಓಮ್ ರೆಸಿಸ್ಟರು ಬಳಸಬೇಕು. ಅದೂ 2 ವ್ಯಾಟಿನದು. 3 ವೋಲ್ಟಿಗೆ ಒಂದು ವ್ಯಾಟಿನ ಹತ್ತಿರ ಶಾಖ ಹೊರಬರುವುದರಿಂದ ಸಣ್ಣದನ್ನು ಮುಟ್ಟಿದ ಮಕ್ಕಳ ಬೆರಳು ಸುಡುತ್ತದೆ.

ಮೂರು ವಾರಗಳ ನಂತರ

ಪಾಠದ ದಿನ ಹೆಚ್ಚುಕಡಿಮೆ ಎಲ್ಲರೂ ಸರಿ ಉತ್ತರ ಬರೆದರು. ಆ ಹಾಳೆಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮೂರು ವಾರಗಳ ನಂತರ, ಮುನ್ಸೂಚನೆ ಕೊಡದೆ, ಅದೇ ತತ್ತ್ವವನ್ನು ಬೇರೆ ರೂಪದಲ್ಲಿ ಕೇಳಿದೆ: ಒಂದು ಬಲ್ಬು, ಒಂದು ರೆಸಿಸ್ಟರು ಸರಣಿಯಲ್ಲಿವೆ; ರೆಸಿಸ್ಟರನ್ನು ಬಲ್ಬಿನ ಎಡದಿಂದ ಬಲಕ್ಕೆ ವರ್ಗಾಯಿಸಿದರೆ ಬೆಳಕು ಬದಲಾಗುತ್ತದೆಯೇ? ಅರ್ಧದಷ್ಟು ಮಕ್ಕಳು, ರೆಸಿಸ್ಟರು ಬಲ್ಬಿನ ನಂತರ ಬಂದರೆ ಬೆಳಕು ಹೆಚ್ಚಾಗುತ್ತದೆ ಎಂದು ಬರೆದಿದ್ದರು. ಪ್ರವಾಹ ಬಲ್ಬನ್ನು ದಾಟಿದ ಮೇಲೆ ತಾನೇ ಅಡ್ಡಿ ಬರುವುದು ಎಂಬುದು ಅವರ ವಾದ. ಮೀಟರಿನ ಅಂಕಿ ನೆನಪಿತ್ತು, ಆದರೆ ತಲೆಯೊಳಗಿನ ಚಿತ್ರ ಹಳೆಯದೇ.

ಆ ಉತ್ತರಗಳನ್ನು ಓದುತ್ತ ಕುಳಿತಾಗ ತಿಳಿದದ್ದು, ಮಕ್ಕಳ ನಂಬಿಕೆಯಲ್ಲಿ ಅರ್ಧ ಸತ್ಯವಿದೆ ಎಂಬುದು. ಸೆಲ್ ಖಾಲಿಯಾಗುವುದನ್ನು ಅವರು ಕಂಡಿದ್ದಾರೆ. ಬಲ್ಬಿನಲ್ಲಿ ಏನೋ ಖರ್ಚಾಗುತ್ತದೆ ಎಂಬುದು ಸರಿ. ಖರ್ಚಾಗುವುದು ಶಕ್ತಿ, ಪ್ರವಾಹವಲ್ಲ. ನನ್ನ ಪಾಠ ಪ್ರವಾಹ ಖರ್ಚಾಗುವುದಿಲ್ಲ ಎಂದು ಸಾಧಿಸಿ, ಹಾಗಾದರೆ ಖರ್ಚಾಗುವುದು ಏನು ಎಂಬ ಪ್ರಶ್ನೆಗೆ ಜಾಗವನ್ನೇ ಕೊಟ್ಟಿರಲಿಲ್ಲ. ಖಾಲಿ ಬಿಟ್ಟ ಜಾಗಕ್ಕೆ ಹಳೆಯ ಉತ್ತರ ಮರಳಿ ಬರುವುದು ಸಹಜ.

ಮುಂದಿನ ವಿಭಾಗಕ್ಕೆ ಪಾಠವನ್ನು ತಿರುಗಿಸಿ ಕಟ್ಟಿದೆ. ಮೀಟರುಗಳಿಗಿಂತ ಮೊದಲು ಹಗ್ಗ. ಏಳೆಂಟು ಮೀಟರ್ ಉದ್ದದ ಹತ್ತಿಯ ಹಗ್ಗದ ಎರಡು ತುದಿಗಳನ್ನು ಕಟ್ಟಿ ಬಳೆಯಂತೆ ಮಾಡಿ, ವೃತ್ತಾಕಾರದಲ್ಲಿ ನಿಂತ ಮಕ್ಕಳ ಬೆರಳುಗಳ ಸಂದಿಯಲ್ಲಿ ಸಡಿಲವಾಗಿ ಹಾಯುವಂತೆ ಬಿಟ್ಟರೆ, ಒಬ್ಬರು ಎಳೆದಾಗ ಹಗ್ಗ ಎಲ್ಲರ ಕೈಯಲ್ಲೂ ಒಟ್ಟಿಗೆ ಹರಿಯತೊಡಗುತ್ತದೆ. ಈಗ ಎದುರಿಗಿರುವ ಒಬ್ಬಳು ಸ್ವಲ್ಪ ಬಿಗಿಯಾಗಿ ಹಿಡಿಯಬೇಕು. ಅವಳ ಅಂಗೈ ಬೆಚ್ಚಗಾಗುತ್ತದೆ. ಎಳೆಯುವವನಿಗೆ ಶ್ರಮ ಹೆಚ್ಚುತ್ತದೆ. ಹಗ್ಗ ಎಲ್ಲ ಕಡೆಯೂ ನಿಧಾನವಾಗುತ್ತದೆ, ಅವಳ ಕೈಯ ಹಿಂದೆಯೂ ಮುಂದೆಯೂ ಒಂದೇ ವೇಗದಲ್ಲಿ. ಹಗ್ಗ ಎಲ್ಲೂ ಕಡಿಮೆಯಾಗಿಲ್ಲ, ಆದರೆ ಅಂಗೈಗೆ ಏನೋ ಬಂದಿದೆ. ಅದು ಎಲ್ಲಿಂದ ಬಂತು ಎಂದು ಕೇಳಿದರೆ ಎಲ್ಲರೂ ಎಳೆಯುವವನ ಕಡೆ ನೋಡುತ್ತಾರೆ. ಬಿಗಿ ಹಿಡಿಯುವ ಕೈ ವೃತ್ತದಲ್ಲಿ ಎಲ್ಲಿದ್ದರೂ ಹಗ್ಗದ ವೇಗ ಅಷ್ಟೇ ಎಂಬುದನ್ನು ಜಾಗ ಬದಲಿಸಿ ಅವರೇ ನೋಡಿದರು. ರೆಸಿಸ್ಟರಿನ ಪ್ರಶ್ನೆಗೆ ಉತ್ತರ ಅದೇ. ಆಮೇಲೆ ಮೀಟರುಗಳು, ಅದಲುಬದಲು, ಕೊನೆಗೆ ವೋಲ್ಟ್‌ಮೀಟರು: ಬಲ್ಬಿನ ಎರಡು ತುದಿಗಳ ನಡುವೆ ವಿಭವಾಂತರ ಕಾಣುತ್ತದೆ, ವೈರಿನ ಎರಡು ತುದಿಗಳ ನಡುವೆ ಹೆಚ್ಚುಕಡಿಮೆ ಸೊನ್ನೆ.

ಹಗ್ಗಕ್ಕೂ ಮಿತಿಗಳಿವೆ. ಸಮಾಂತರ ಜೋಡಣೆಗೆ ಎರಡು ಹಗ್ಗ ಬೇಕಾಗಿ ಗೋಜಲಾಗುತ್ತದೆ, ಅಲ್ಲಿಗೆ ಅದನ್ನು ಒಯ್ಯದಿರುವುದೇ ವಾಸಿ. ಜೋರಾಗಿ ಎಳೆದರೆ ಬಿಗಿ ಹಿಡಿದವರ ಚರ್ಮ ಕಿತ್ತುಬರುತ್ತದೆ, ಹಾಗಾಗಿ ಎಳೆಯುವವರು ಯಾರೆಂದು ನಾನೇ ಆರಿಸುತ್ತೇನೆ.

ಈ ವಿಭಾಗದಲ್ಲಿ ಮೂರು ವಾರಗಳ ನಂತರದ ಅದೇ ಪ್ರಶ್ನೆಗೆ ಸುಮಾರು ಮುಕ್ಕಾಲು ಭಾಗ ಮಕ್ಕಳು ಸರಿ ಉತ್ತರ ಬರೆದು ಕಾರಣವನ್ನೂ ಕೊಟ್ಟರು. ಎರಡು ವಿಭಾಗಗಳ ಮಕ್ಕಳು ಒಂದೇ ಮಟ್ಟದವರೆಂದು ಸಾಬೀತುಪಡಿಸಲಾಗದು, ಆದ್ದರಿಂದ ಇದನ್ನು ಪುರಾವೆ ಎನ್ನುವುದಿಲ್ಲ. ಮೊದಲನೆಯ ಮಾನದಂಡದ ಎದುರು ‘ತಿದ್ದುಪಡಿಯ ನಂತರ ಪಾಸು’ ಎಂದು ಬರೆದೆ.

ಪೂರ್ಣ ಭಾರ

ಇಲ್ಲಿಯವರೆಗಿನದು ಶನಿವಾರಗಳ ಕೆಲಸ. ನಿಜವಾದ ಪರೀಕ್ಷೆಗೆ ಅವಕಾಶ ಸಿಕ್ಕಿದ್ದು ಆ ಶಾಲೆಯ ವಿಜ್ಞಾನ ಶಿಕ್ಷಕಿ ದೀರ್ಘ ರಜೆಗೆ ಹೋದಾಗ. ಕಚೇರಿಯಲ್ಲಿ ವೇತನರಹಿತ ರಜೆ ಕೇಳಿ, ಒಂದು ಪೂರ್ಣ ಶೈಕ್ಷಣಿಕ ಅವಧಿಗೆ ಅವರ ಐದು ವಿಭಾಗಗಳನ್ನು ವಹಿಸಿಕೊಂಡೆ.

ಮೊದಲ ವಾರದಲ್ಲೇ ಲೆಕ್ಕ ತಪ್ಪುತ್ತಿರುವುದು ಕಂಡಿತು. ಐದು ವಿಭಾಗ, ತಲಾ 40 ಮಕ್ಕಳು, ಅಂದರೆ 200 ನೋಟ್‌ಬುಕ್‌ಗಳು. ಒಂದಕ್ಕೆ ಮೂರು ನಿಮಿಷವಾದರೂ 600 ನಿಮಿಷ, ಹತ್ತು ಗಂಟೆ. ಇದು ವಾರಕ್ಕೊಮ್ಮೆ ತಿದ್ದಿದರೆ ಮಾತ್ರ. ಪಾಠದ ತಯಾರಿಗೆ ಮೀಸಲಿಟ್ಟ ಸಂಜೆಗಳನ್ನೆಲ್ಲ ನೋಟ್‌ಬುಕ್‌ಗಳು ನುಂಗಿದವು, ಮತ್ತು ಆ ಮೂರು ನಿಮಿಷದಲ್ಲಿ ನಾನು ನೋಡುತ್ತಿದ್ದುದು ಬೋರ್ಡಿನಿಂದ ನಕಲು ಮಾಡಿದ್ದನ್ನು. ಶಾಲೆ ಕಡ್ಡಾಯ ಮಾಡಿದಷ್ಟನ್ನು ಉಳಿಸಿಕೊಂಡು, ಉಳಿದುದರ ಬದಲು ಪಾಠದ ಕೊನೆಯ ಐದು ನಿಮಿಷದಲ್ಲಿ ಒಂದೇ ಪ್ರಶ್ನೆಗೆ ಚೀಟಿಯಲ್ಲಿ ಉತ್ತರ ಬರೆಸತೊಡಗಿದೆ. 40 ಚೀಟಿಗಳನ್ನು ಸರಿ, ತಪ್ಪು, ವಿಚಿತ್ರ ಎಂದು ಮೂರು ಗುಡ್ಡೆ ಮಾಡಲು ಹತ್ತು ನಿಮಿಷ ಸಾಕು. ಅಂಕ ಕೊಡುವುದಿಲ್ಲ. ಮೂರನೆಯ ಗುಡ್ಡೆಯಿಂದಲೇ ಮರುದಿನದ ಪಾಠ ಶುರುವಾಗುತ್ತದೆ.

ಎರಡನೆಯ ಸಮಸ್ಯೆ ಗಂಟಲು. ಮಧ್ಯಾಹ್ನದ ಹೊತ್ತಿಗೆ ದನಿ ಬಿದ್ದುಹೋಗುತ್ತಿತ್ತು. ಪಕ್ಕದ ತರಗತಿಯ ಹಿರಿಯ ಗಣಿತ ಶಿಕ್ಷಕರು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, “ಮೇಡಂ, ನೀವು ಗಲಾಟೆಯ ಮೇಲೆ ಕೂಗುತ್ತಿದ್ದೀರಿ. ಒಳಗೆ ಬರುವ ಮೊದಲೇ ಬೋರ್ಡಿನ ಮೇಲೆ ಅವರಿಗೆ ಕೆಲಸ ಇರಲಿ” ಎಂದರು. ಹಿಂದಿನ ಪೀರಿಯಡ್ ಮುಗಿಯುತ್ತಿದ್ದಂತೆ ಬೋರ್ಡಿನ ಮೂಲೆಯಲ್ಲಿ ಎರಡು ನಿಮಿಷದ ಒಂದು ಪ್ರಶ್ನೆ ಬರೆಯುವ ಅಭ್ಯಾಸ ಅಂದು ಶುರುವಾಯಿತು. ಗಲಾಟೆ ನಿಲ್ಲಲಿಲ್ಲ, ಕೂಗುವ ಅಗತ್ಯ ಮಾತ್ರ ಬಹಳ ಕಡಿಮೆಯಾಯಿತು.

ಮೂರನೆಯ ಮಾನದಂಡಕ್ಕೆ ಪ್ರತಿ ಸಂಜೆ ದಿನಚರಿಯಲ್ಲಿ ಒಂದೇ ಗುರುತು: ಕೆಟ್ಟ ಪಾಠವನ್ನು ಮತ್ತೆ ತೆರೆದು ತಿದ್ದಿದೆನೋ, ತೆರೆದು ಹಾಗೇ ಬಿಟ್ಟೆನೋ, ತೆರೆಯಲೇ ಇಲ್ಲವೋ. ಆರಂಭದ ವಾರಗಳ ಗುರುತುಗಳನ್ನು ನೋಡಿದವರು ಈಕೆಗೆ ಶಿಕ್ಷಕಿಯ ಕೆಲಸ ಬೇಡವೆಂದೇ ಹೇಳಿಯಾರು. ಚೀಟಿ ಪದ್ಧತಿ ಬಂದು ಸಂಜೆಗಳು ಮರಳಿ ಸಿಕ್ಕ ಮೇಲೆ ಚಿತ್ರ ಬದಲಾಯಿತು; ದಿನದ ಕೊನೆಯ ಪೀರಿಯಡ್‌ನ ಅತಿ ತುಂಟ ವಿಭಾಗದ ಪಾಠಗಳೇ ಹೆಚ್ಚು ತಿದ್ದಲ್ಪಟ್ಟವು. ಆಸಕ್ತಿ ಇಲ್ಲದಿರುವುದೂ ದಣಿವೂ ದಿನಚರಿಯಲ್ಲಿ ಒಂದೇ ತರಹ ಕಾಣುತ್ತವೆ. ಕಡಿಮೆ ಅವಧಿಯ ಪರೀಕ್ಷೆಯಲ್ಲಿ ಇವೆರಡನ್ನು ಬೇರ್ಪಡಿಸಲಾಗುವುದಿಲ್ಲ ಎಂಬ ಕಾರಣಕ್ಕೇ ಒಂದು ಪೂರ್ಣ ಅವಧಿ ಬೇಕಾಗಿತ್ತು ಎನಿಸುತ್ತದೆ.

ಒಂದು ಹೋಲಿಕೆಯನ್ನೂ ಇಟ್ಟುಕೊಂಡಿದ್ದೆ. ಈಗಿನ ಕೆಲಸದ ಮೇಲಿನ ಬೇಸರವೇ ಬೋಧನೆಯ ಆಸೆಯಾಗಿ ಕಾಣುತ್ತಿರಬಹುದಲ್ಲವೇ? ರಜೆ ಮುಗಿಸಿ ಕಚೇರಿಗೆ ಮರಳಿದಾಗ ಅಲ್ಲಿ ಒಳ್ಳೆಯ ಕೆಲಸವೇ ಸಿಕ್ಕಿತು. ಯಾರಿಗೂ ಹಿಡಿತಕ್ಕೆ ಬಾರದ ದೋಷವೊಂದನ್ನು ಹುಡುಕುವುದು, ನನಗೆ ಬಹಳ ಇಷ್ಟವಾದದ್ದು. ಆ ವಾರಗಳಲ್ಲೂ ಶನಿವಾರದ ಪಾಠ ಸಿದ್ಧವಾಗುತ್ತಲೇ ಇತ್ತು. ಕಚೇರಿಯ ಅತಿ ಕೆಟ್ಟ ವಾರದಲ್ಲಿ ತೆಗೆದುಕೊಂಡ ತೀರ್ಮಾನವಾಗಿದ್ದರೆ ನಾನು ಅದನ್ನು ನಂಬುತ್ತಿರಲಿಲ್ಲ.

ಹಣ ಮತ್ತು ತೀರ್ಮಾನ

ವರ್ಷದ ಆರಂಭದಿಂದಲೇ, ಹೊಸ ಶಿಕ್ಷಕರಿಗೆ ಸಿಗುವಷ್ಟು ಮೊತ್ತವನ್ನು ಮಾತ್ರ ಖರ್ಚಿನ ಖಾತೆಯಲ್ಲಿ ಬಿಟ್ಟು, ಸಂಬಳದ ಉಳಿದ ಭಾಗವನ್ನು ಬಂದ ದಿನವೇ ಬೇರೆ ಖಾತೆಗೆ ಹೋಗುವಂತೆ ಮಾಡಿದ್ದೆ. ತಿಂಗಳ ಖರ್ಚು ತೂಗಿತು. ಕೆಟ್ಟದ್ದು ವರ್ಷಕ್ಕೊಮ್ಮೆ ಬರುವ ಖರ್ಚುಗಳಲ್ಲಿ: ವಿಮೆಯ ಕಂತು, ದುರಸ್ತಿ, ಇದುವರೆಗೆ ಕಂಪನಿಯೇ ಕಟ್ಟುತ್ತಿದ್ದ ಆರೋಗ್ಯ ವಿಮೆ. ಇವನ್ನು ಹನ್ನೆರಡರಿಂದ ಭಾಗಿಸಿ ಪ್ರತಿ ತಿಂಗಳಿಗೂ ಸೇರಿಸಿದಾಗ ನಾಲ್ಕನೆಯ ಮಾನದಂಡ ಫೇಲಾಯಿತು. ಅದನ್ನು ಸಡಿಲಿಸುವ ಬದಲು ಷರತ್ತೊಂದನ್ನು ಸೇರಿಸಿದೆ: ಬೇರೆ ಖಾತೆಯಲ್ಲಿ 18 ತಿಂಗಳ ಖರ್ಚಿನಷ್ಟು ಸೇರುವವರೆಗೆ ರಾಜೀನಾಮೆ ಇಲ್ಲ.

ವರ್ಷ ಮುಗಿಯುವ ಹೊತ್ತಿಗೆ ಆ ಮೊತ್ತ ಸೇರಿತ್ತು. ಕಾಯಂ ನೇಮಕಾತಿಗೆ ಶಿಕ್ಷಕ ತರಬೇತಿಯ ಪದವಿ ಬೇಕಾದ್ದರಿಂದ ಕ್ರಮವೂ ಮುಖ್ಯವಾಯಿತು. ಪ್ರವೇಶ ಖಚಿತವಾದ ಪತ್ರ ಕೈಗೆ ಬಂದ ಮೇಲೆ, ತರಬೇತಿ ಆರಂಭವಾಗುವ ದಿನದಿಂದ ನೋಟಿಸ್ ಅವಧಿಯನ್ನು ಹಿಂದಕ್ಕೆ ಎಣಿಸಿ ರಾಜೀನಾಮೆ ಪತ್ರ ಕೊಟ್ಟೆ. ಪರೀಕ್ಷಿಸದೆ ಉಳಿದ ಅಂಶಗಳೂ ದಾಖಲೆಯಲ್ಲಿವೆ: ಅಂತಿಮ ಪರೀಕ್ಷೆ ಬರೆಯುವ ತರಗತಿಯನ್ನು ನಾನು ಇನ್ನೂ ನಡೆಸಿಲ್ಲ, ವಿದ್ಯುತ್ತಿನಷ್ಟು ಚೆನ್ನಾಗಿ ಗೊತ್ತಿಲ್ಲದ ಜೀವಶಾಸ್ತ್ರವನ್ನು ಹೀಗೆ ತಿರುಗಿಸಿ ಕಟ್ಟಬಲ್ಲೆನೇ ಎಂಬುದೂ ತಿಳಿದಿಲ್ಲ. ತರಬೇತಿಯ ಅಭ್ಯಾಸ ಬೋಧನೆಗೆ ಪಾಠ ಆರಿಸುವಾಗ ಮೊದಲು ಜೀವಶಾಸ್ತ್ರದ ಪಾಠವನ್ನೇ ಕೇಳಿಕೊಂಡಿದ್ದೇನೆ.